ನಾಲ್ಕು ವರ್ಷ ಏಳು ತಿಂಗಳು

ನನ್ನ ಕೈಬರಹ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹುಣಸೂರು ರಸ್ತೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಹಾಜರಿ, ರಜೆ, ಪಿ.ಎಫ್., ಬಿಟ್ಟು ಹೋಗುವವರ ಲೆಕ್ಕ, ಎಲ್ಲಾ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ರಾಜೀನಾಮೆ ಪತ್ರ ಮಾತ್ರ ಕೈಯಲ್ಲೇ ಬರೆದಿರಬೇಕು ಅನ್ನುವುದು ನಮ್ಮಲ್ಲಿದ್ದ ಪದ್ಧತಿ. ಟೈಪು ಮಾಡಿದ್ದರೆ ಕಂಪನಿಯೇ ಬರೆಸಿಕೊಂಡಿತು ಅಂತ ನಾಳೆ ಯಾರಾದರೂ ತಕರಾರು ತೆಗೆಯಬಹುದಂತೆ. ಹೊಲಿಗೆಯ ಹೆಂಗಸರಿಗೆ ಬರೆಯಲು ಬರುತ್ತಿತ್ತು, ಆದರೆ ಅರ್ಜಿಯ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೆ, ಅವರು ಸಹಿ ಹಾಕುತ್ತಿದ್ದರು. 'ನಾನು ನನ್ನ ಸ್ವಂತ ಇಚ್ಛೆಯಿಂದ, ಕೌಟುಂಬಿಕ ಕಾರಣಗಳ ನಿಮಿತ್ತ' ಎಂದು ಎಷ್ಟು ಸಲ ಬರೆದಿದ್ದೇನೋ, ಈಗಲೂ ಹೊಸ ಪೆನ್ನು ಕೊಂಡು ಗೀಚಿ ನೋಡುವಾಗ ಕೈಗೆ ಮೊದಲು ಬರುವುದು ಆ ಸಾಲೇ.

ಒಬ್ಬಳಿಗೆ ಎರಡು ಸಲ ಬರೆದುಕೊಟ್ಟಿದ್ದೇನೆ. ಹೆಸರು ಹೇಳುವುದಿಲ್ಲ. ಊರು ಇಲವಾಲ, ಹಾಗಾಗಿ ಹೊಲಿಗೆ ಫ್ಲೋರಿನಲ್ಲಿ ಎಲ್ಲರೂ ಅವಳನ್ನು ಇಲವಾಲದಕ್ಕ ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತೇನೆ. ಅಂಗಿಗೆ ಕಾಲರ್ ಕೂಡಿಸುವ ಟೈಲರ್. ಕಾಲರ್ ಕೂಡಿಸುವುದು ಎಲ್ಲರ ಕೈಗೂ ಬಗ್ಗುವ ಕೆಲಸವಲ್ಲ. ತುದಿ ಒಂದು ನೂಲು ಆಚೀಚೆ ಆದರೂ ಅಂಗಿ ವಾಪಸ್ಸು ಬರುತ್ತದೆ. ಅವಳದು ಬರುತ್ತಿರಲಿಲ್ಲ. ಓದಿದ್ದು ಏಳನೇ ಕ್ಲಾಸು, ಆದರೆ ಲೆಕ್ಕದಲ್ಲಿ ನನ್ನನ್ನೇ ಮೀರಿಸುತ್ತಿದ್ದಳು. ಗಂಟೆಗೆ ಎಷ್ಟು ಪೀಸು, ಎಷ್ಟು ಬಾಕಿ, ಊಟದ ಗಂಟೆಯೊಳಗೆ ಎಷ್ಟಾಗಬೇಕು ಎಂದು ಸೂಪರ್‌ವೈಸರ್ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಹೇಳಿಬಿಡುತ್ತಿದ್ದಳು.

ಮೊದಲನೆಯ ಸಲ ಅವಳು ನನ್ನ ಕಿಟಕಿಗೆ ಬಂದದ್ದು 'ಸೆಟ್ಲ್‌ಮೆಂಟ್'ಗೆ. ನಮ್ಮ ಕಾರ್ಖಾನೆಯಲ್ಲಿ ಆ ಮಾತಿಗೆ ಒಂದು ಬೇರೆಯೇ ಅರ್ಥವಿತ್ತು. ಕೆಲಸ ಬಿಟ್ಟರೆ ಎರಡು ತಿಂಗಳಾದ ಮೇಲೆ ಪಿ.ಎಫ್. ದುಡ್ಡು ಪೂರ್ತಿ ಕೈಗೆ ಬರುತ್ತದೆ. ಮನೆಗೆ ಶೀಟು ಹಾಕಿಸಬೇಕು, ಮಗಳಿಗೆ ಓಲೆ ಮಾಡಿಸಬೇಕು, ಚೀಟಿ ದುಡ್ಡು ಕಟ್ಟಬೇಕು ಅಂತ ಏನಾದರೊಂದು ಬಂದಾಗ ಹೆಂಗಸರು ರಾಜೀನಾಮೆ ಕೊಟ್ಟು, ಎರಡು ತಿಂಗಳು ಮನೆಯಲ್ಲಿದ್ದು, ದುಡ್ಡು ಬಂದ ಮೇಲೆ ಮತ್ತೆ ಇದೇ ಗೇಟಿಗೆ ಬಂದು ಹೊಸ ಟೋಕನ್ ನಂಬರಿನಲ್ಲಿ ಸೇರಿಕೊಳ್ಳುತ್ತಿದ್ದರು. ಅದೇ ಮೆಷಿನ್ನು, ಅದೇ ಸ್ಟೂಲು, ನಂಬರು ಮಾತ್ರ ಬೇರೆ. ಅವರಿಗೆ ಅದು ಕೆಲಸ ಬಿಟ್ಟ ಹಾಗೇ ಅಲ್ಲ, ಬ್ಯಾಂಕಿಗೆ ಹೋಗಿ ಬಂದ ಹಾಗೆ.

ಕಂಪನಿಯೂ ಬೇಡ ಅನ್ನುತ್ತಿರಲಿಲ್ಲ. ಯಾಕೆ ಅನ್ನುತ್ತದೆ? ಐದು ವರ್ಷ ಎಡೆಬಿಡದೆ ದುಡಿದವರಿಗೆ ಗ್ರಾಚ್ಯುಟಿ ಕೊಡಬೇಕು. ಐದಕ್ಕೆ ಮುಂಚೆ ಬಿಟ್ಟರೆ ಒಂದು ಕಾಸೂ ಕೊಡಬೇಕಾಗಿಲ್ಲ. ನಾಲ್ಕೂವರೆ ದಾಟಿದವರ ಪಟ್ಟಿಯನ್ನು ಮ್ಯಾನೇಜರು ಮೂರು ತಿಂಗಳಿಗೊಮ್ಮೆ ನನ್ನಿಂದ ತರಿಸಿಕೊಳ್ಳುತ್ತಿದ್ದರು. ಆಮೇಲೆ ಆ ಹೆಂಗಸರ ಹತ್ತಿರ ಸೂಪರ್‌ವೈಸರ್ ನಗುನಗುತ್ತಾ ಹೇಳುತ್ತಿದ್ದ, "ಏನಕ್ಕಾ, ಪಿ.ಎಫ್. ಚೆನ್ನಾಗಿ ಸೇರ್ಕೊಂಡಿರಬೇಕಲ್ಲ, ಎತ್ಕೊಳ್ಳಲ್ವಾ?" ಅಷ್ಟೇ. ಬೆದರಿಕೆ ಇಲ್ಲ, ಬಲವಂತವಿಲ್ಲ. ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡು ನಾನೂ ಪಟ್ಟಿ ಕೊಡುತ್ತಿದ್ದೆ.

ಇಲವಾಲದಕ್ಕನಿಗೆ ಆಗ ನಾಲ್ಕು ವರ್ಷ ಏಳು ತಿಂಗಳಾಗಿತ್ತು. ಮಳೆಗೆ ಅಡುಗೆಮನೆಯ ಗೋಡೆ ಕೂತಿದೆ, ಕಟ್ಟಿಸಬೇಕು ಅಂದಳು. ನಾನು ಪತ್ರ ಬರೆದೆ. ಸಹಿ ಹಾಕಿದಳು. 'ಇನ್ನೈದು ತಿಂಗಳು ತಡಿಯಮ್ಮ' ಅನ್ನುವ ನಾಲ್ಕು ಮಾತು ನನ್ನ ನಾಲಿಗೆಯ ತುದಿಗೆ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಬರಲೇ ಇಲ್ಲ. ಹಿಂದೆ ಇನ್ನೂ ಆರು ಜನ ನಿಂತಿದ್ದರು, ನನಗೆ ಕಾಫಿಯ ಹೊತ್ತಾಗಿತ್ತು.

ಎರಡೂವರೆ ತಿಂಗಳ ಮೇಲೆ ವಾಪಸ್ಸು ಬಂದಳು. ಹೊಸ ಟೋಕನ್ ಕೊಟ್ಟೆ. ಅದೇ ಮೆಷಿನ್ನಿನ ಮುಂದೆ ಹೋಗಿ ಕೂತಳು.

ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಒಂದು ಗಾಜಿನ ನೋಟೀಸ್ ಬೋರ್ಡು. ಅದರೊಳಗೆ ಕಾಯಿದೆಗಳ ಸಾರಾಂಶವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿರಬೇಕು, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ತಪ್ಪು ಬರೆಯುತ್ತಾರೆ. ಗ್ರಾಚ್ಯುಟಿಗೆ ಆ ಕನ್ನಡ ಹಾಳೆಯಲ್ಲಿ 'ಉಪದಾನ' ಅಂತಿತ್ತು. ಉಪದಾನ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಇವಳು ಓದಿದಳು. ಮತ್ತೆ ಸೇರಿ ಮೂರು ವರ್ಷವಾಗಿರಬೇಕು, ಒಂದು ದಿನ ಊಟದ ಹೊತ್ತಿನಲ್ಲಿ ಕಿಟಕಿಗೆ ಬಂದು ನಿಂತಳು.

"ಸಾರ್, ಆರು ತಿಂಗ್ಳಿಗಿಂತ ಜಾಸ್ತಿ ಆದ್ರೆ ಪೂರ್ತಿ ವರ್ಷ ಅಂತ ಹಿಡೀಬೇಕು ಅಂತ ಬರ್ದವ್ರೆ ಅಲ್ಲಿ. ನಾನು ಹೋದಾಗ ನಾಲ್ಕು ವರ್ಷ ಏಳು ತಿಂಗ್ಳಾಗಿತ್ತು. ಅಂಗಾದ್ರೆ ಐದಾಯ್ತಲ್ವಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅವಳು ಓದಿದ್ದೂ ಸರಿಯಾಗಿಯೇ ಇತ್ತು.

"ಅದು ಹಂಗಲ್ಲ ಕಣಮ್ಮ," ಅಂದೆ. "ಮೊದಲು ಐದು ವರ್ಷ ನಿಜವಾಗಿ ತುಂಬಬೇಕು. ಅದು ಹೊಸಿಲು. ಹೊಸಿಲು ದಾಟಿದ ಮೇಲೆ ಒಳಗೆ ಎಷ್ಟು ವರ್ಷ ಅಂತ ಎಣಿಸುವಾಗ ಮಾತ್ರ ಆರು ತಿಂಗಳು ಮೀರಿದ್ದನ್ನ ಒಂದು ವರ್ಷ ಅಂತ ಹಿಡೀತಾರೆ. ಹೊಸಿಲಿಗೆ ಆ ಲೆಕ್ಕ ನಡೆಯಲ್ಲ."

"ಅಂದ್ರೆ ನಂದು ಹೊಸ್ಲಾಚೆಗೇ ಉಳೀತು."

"ಉಳೀತು."

"ನಾನು ಹೋಗುವಾಗ ನಿಮ್ಗೆ ಗೊತ್ತಿತ್ತಾ ಸಾರ್?"

ಸಿಟ್ಟಿನಿಂದ ಕೇಳಿದ್ದಲ್ಲ. ಸುಮ್ಮನೆ ಕೇಳಿದಳು, ಬಸ್ಸು ಹೋಯ್ತಾ ಅಂತ ಕೇಳುವ ಹಾಗೆ. ಗೊತ್ತಿತ್ತು ಅಂದೆ. ನನ್ನ ಜೀವಮಾನದಲ್ಲಿ ಒಂದು ಸಲವಾದರೂ ನಿಜ ಹೇಳಿದ್ದೇನೆ ಎಂದು ಆಗಾಗ ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ.

ಅವತ್ತು ನಾನು ಒಂದು ಕೆಲಸ ಮಾಡಿದೆ. ಹಳೆಯ ರಜೆ ಚೀಟಿಯ ಹಿಂದೆ ಅವಳಿಗೆ ಲೆಕ್ಕ ಬರೆದುಕೊಟ್ಟೆ. ಮೂಲ ವೇತನ, ಡಿ.ಎ. ಎರಡೂ ಕೂಡಿ ಕೊನೆಯ ತಿಂಗಳು ಎಷ್ಟು ಬರುತ್ತೋ ಅಷ್ಟು. ಅದನ್ನು ಇಪ್ಪತ್ತಾರರಿಂದ ಭಾಗಿಸಬೇಕು, ತಿಂಗಳಲ್ಲಿ ಭಾನುವಾರ ಕಳೆದರೆ ಉಳಿಯುವುದು ಇಪ್ಪತ್ತಾರು ದಿನ ಅಂತ. ಆಗ ಒಂದು ದಿನದ ಕೂಲಿ ಬರುತ್ತದೆ. ವರ್ಷಕ್ಕೆ ಹದಿನೈದು ದಿನದ ಕೂಲಿ. ಅದನ್ನು ವರ್ಷಗಳಿಂದ ಗುಣಿಸಿದರೆ ಮುಗಿಯಿತು. ಓಟಿ ಸೇರುವುದಿಲ್ಲ, ಬೋನಸ್ಸು ಸೇರುವುದಿಲ್ಲ, ಮನೆ ಬಾಡಿಗೆ ಭತ್ಯೆ ಸೇರುವುದಿಲ್ಲ. ಅವಳು ಐದು ವರ್ಷ ಮುಗಿಸುವ ಹೊತ್ತಿಗೆ ಡಿ.ಎ. ಏರಿ ಹತ್ತು ಸಾವಿರದ ನಾನೂರು ಆಗಬಹುದು ಅಂತ ಅಂದಾಜು ಮಾಡಿದೆ. ದಿನಕ್ಕೆ ನಾನೂರು. ಹದಿನೈದು ದಿನಕ್ಕೆ ಆರು ಸಾವಿರ. ಐದು ವರ್ಷಕ್ಕೆ ಮೂವತ್ತು ಸಾವಿರ.

ನಾನು ಬರೆದು ಮುಗಿಸುವಷ್ಟರಲ್ಲಿ ಅವಳು ಬಾಯಲ್ಲೇ ಮುಗಿಸಿದ್ದಳು. "ಮೂವತ್ತು. ಸರೋಯ್ತು ಸಾರ್. ಹಳೇ ಪವರ್ ಮೆಷಿನ್ ಒಂದು ಬರ್ತದೆ ಅಷ್ಟಕ್ಕೆ. ಮನೇ ಮುಂದ್ಗಡೆ ಹಾಕ್ಕೊಂಡು ಬ್ಲೌಸ್ ಹೊಲ್ಕೊಂಡು ಇದ್ಬುಡ್ತೀನಿ. ಈ ಟಾರ್ಗೆಟ್ ನನ್ ಕೈಲಿ ಇನ್ನೆಷ್ಟು ವರ್ಸ ಆದಾತು? ಬೆರಳು ಮಡ್ಚಕ್ಕೇ ಆಗಲ್ಲ ಬೆಳಿಗ್ಗೆ."

ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಒಂದು ಸೆಕೆಂಡ್ ಹ್ಯಾಂಡ್ ಮೆಷಿನ್ನು, ಯಾರೂ ಗಡಿಯಾರ ಹಿಡಿದು ಹಿಂದೆ ನಿಲ್ಲದ ಒಂದು ಸ್ಟೂಲು. ಆ ಚೀಟಿಯನ್ನು ಮಡಿಸಿ ಐಡಿ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ತನ್ನ ಫೋಟೋದ ಹಿಂದೆ ಸೇರಿಸಿದಳು. ಹೋಗುತ್ತಾ ತಿರುಗಿ ಇನ್ನೊಂದು ಮಾತು ಕೇಳಿದಳು.

"ಸತ್ರೆ ಮಾತ್ರ ಐದು ವರ್ಸ ಬ್ಯಾಡ್ವಂತೆ, ಅಲ್ವಾ ಸಾರ್? ಅದೂ ಬರ್ದವ್ರೆ."

"ಸತ್ತರೆ, ಇಲ್ಲಾ ಕೈಕಾಲು ಹೋಗಿ ದುಡಿಯೋಕೆ ಆಗದ ಹಾಗಾದರೆ ಬೇಡ. ಕೊಡಲೇಬೇಕು."

"ಅಂಗಾದ್ರೆ ಬದುಕಿರೋರ್ಗೆ ಕಷ್ಟ ಅನ್ನಿ," ಎಂದು ನಕ್ಕಳು. ನಾನೂ ನಕ್ಕೆ.

ಅಲ್ಲಿಂದ ಮುಂದೆ ಅವಳ ತಿಂಗಳುಗಳನ್ನು ನಾನೂ ಎಣಿಸತೊಡಗಿದೆ. ಪಟ್ಟಿ ಕೊಡುವಾಗ ಅವಳ ಹೆಸರು ಬಿಟ್ಟು ಕೊಡಬೇಕು ಅಂತ ಮನಸ್ಸಿನಲ್ಲೇ ನಿಶ್ಚಯಿಸಿದ್ದೆ. ನಾಲ್ಕು ವರ್ಷ ದಾಟಿದ ಮೇಲೆ ಬೆಳಿಗ್ಗೆ ಟೋಕನ್ ಹಾಕುವಾಗ ಅವಳು ಕಿಟಕಿಯತ್ತ ಬೆರಳು ತೋರಿಸುತ್ತಿದ್ದಳು, ಹನ್ನೊಂದು ಅಂತಲೋ ಹತ್ತು ಅಂತಲೋ. ಇನ್ನೆಷ್ಟು ತಿಂಗಳು ಅಂತ. ಒಂಬತ್ತಕ್ಕೆ ಬಂದಾಗ ಅವಳ ಗಂಡ ಬಿದ್ದ.

ಅವನು ಗಾರೆ ಕೆಲಸದವನು. ಮಂಡಕಳ್ಳಿ ಕಡೆ ಯಾವುದೋ ಹೊಸ ಮನೆಯ ಸಾರವೆಯಿಂದ ಜಾರಿ ಸೊಂಟ ಮುರಿದುಕೊಂಡ. ಅವಳ ಇ.ಎಸ್.ಐ. ಕಾರ್ಡಿನ ಮೇಲೆ ಆಸ್ಪತ್ರೆಯ ಖರ್ಚು ನಡೆಯಿತು, ಅದಕ್ಕೆ ದುಡ್ಡಿನ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಮನುಷ್ಯರದ್ದು. ಮಗ್ಗುಲು ಹೊರಳಿಸಲಿಕ್ಕೆ, ಬೆಡ್ ಪ್ಯಾನ್ ಇಡಲಿಕ್ಕೆ ಒಬ್ಬರು ಬೇಕು. ಮಗಳನ್ನು ಆಗಲೇ ಕೊಟ್ಟಾಗಿತ್ತು, ಅವಳು ಏಳು ತಿಂಗಳ ಬಸುರಿ. ಇದ್ದ ರಜೆಯೆಲ್ಲಾ ಎರಡು ವಾರದಲ್ಲಿ ಮುಗಿಯಿತು. ಮೂರು ತಿಂಗಳು ಸಂಬಳವಿಲ್ಲದ ರಜೆ ಬೇಕು ಅಂತ ಅರ್ಜಿ ಕಳಿಸಿದಳು. ಆಗ ಸಾಗಿಸಬೇಕಾದ ಮಾಲು ಬಾಕಿ ಇತ್ತು, ಮ್ಯಾನೇಜರು ಅರ್ಜಿಯ ಮೇಲೆ 'ಇಲ್ಲ' ಎಂದು ಬರೆದು ನನ್ನ ಟ್ರೇಗೆ ಹಾಕಿದರು.

ನಮ್ಮಲ್ಲಿ ಹತ್ತು ದಿನ ಹೇಳದೆ ಕೇಳದೆ ಬರದಿದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟೀಸು ಹೋಗಬೇಕು. ಮೂರು ನೋಟೀಸಾದ ಮೇಲೂ ಬಾರದಿದ್ದರೆ ವಿಚಾರಣೆ, ಆಮೇಲೆ ಹೆಸರು ಹೊಡೆಯುವುದು. ಮೊದಲನೆಯದನ್ನು ನಾನೇ ಕಳಿಸಿದೆ. ಎರಡನೆಯದನ್ನೂ ನಾನೇ. ಮೂರನೆಯದು ಹೋಗುವ ಮುಂಚೆ ಮ್ಯಾನೇಜರು ಕರೆದರು.

"ನೋಡ್ರೀ, ವಿಚಾರಣೆ ಗಿಚಾರಣೆ ಅಂತ ಯಾಕೆ ಬೇಕು ತಲೆನೋವು? ಒಳ್ಳೇ ಕೆಲಸಗಾರ್ತಿ ಕಣ್ರೀ ಆಯಮ್ಮ. ನೀವೇ ಹೋಗಿ ರಾಜೀನಾಮೆ ಬರೆಸ್ಕೊಂಡು ಬಂದ್ಬಿಡಿ. ಗಂಡ ಎದ್ದು ಓಡಾಡೋ ಹಾಗಾದ ಮೇಲೆ ಬರಲಿ, ನಾನೇ ತಗೋತೀನಿ. ಹೆಸರು ಹೊಡೆದರೆ ಆಮೇಲೆ ಯಾವ ಕಂಪನಿಯಲ್ಲೂ ತಗೊಳಲ್ಲ."

ಇಲ್ಲಿ ನಾನು ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲಿಯೇ ನಾನು ಮಾಡಿದ್ದು. ಇಪ್ಪತ್ತು ವರ್ಷಕ್ಕೂ ಮೀರಿ ಆ ಕಾಯಿದೆಯ ಜೊತೆ ಏಗಿದವನು ನಾನು. ರಜೆಯಿಲ್ಲದೆ ಗೈರುಹಾಜರಾದರೂ ಸೇವೆ ತನ್ನಷ್ಟಕ್ಕೆ ಮುರಿಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಆ ಗೈರನ್ನು ಸೇವಾಭಂಗವೆಂದು ಕಂಪನಿ ನಿಯಮದ ಪ್ರಕಾರ ಆದೇಶ ಮಾಡಬೇಕು. ನಮ್ಮ ಕಂಪನಿಗೆ ವಿಚಾರಣೆ ಮಾಡುವ ವ್ಯವಧಾನವೂ ಇರಲಿಲ್ಲ, ವಕೀಲರಿಗೆ ದುಡ್ಡು ಕೊಡುವ ಮನಸ್ಸೂ ಇರಲಿಲ್ಲ. ಮೂರನೆಯ ನೋಟೀಸಿಗೆ 'ಗಂಡನಿಗೆ ಹೀಗಾಗಿದೆ, ಇಂತಿಂಥ ಆಸ್ಪತ್ರೆಯಲ್ಲಿದ್ದಾನೆ, ಬಿಟ್ಟು ಬರಲಾರೆ' ಎಂದು ಒಂದು ಉತ್ತರ ಬರೆದು, ಆಸ್ಪತ್ರೆಯ ಚೀಟಿ ಲಗತ್ತಿಸಿ, ಸುಮ್ಮನೆ ಇದ್ದುಬಿಟ್ಟಿದ್ದರೆ, ಮೂರು ತಿಂಗಳಾದ ಮೇಲೆ ಅವಳು ಅದೇ ಟೋಕನ್ನಿಗೆ ಬಂದು ಕೂರುವ ಸಾಧ್ಯತೆ ರೂಪಾಯಿಗೆ ಹದಿನಾಲ್ಕಾಣೆ ಇತ್ತು. ಕೆಡಿಸುವುದು ಒಂದೇ ಒಂದು. ಸಹಿ.

ನನಗೆ ಆಗ ನಿವೃತ್ತಿಗೆ ಎರಡು ವರ್ಷ. ಮ್ಯಾನೇಜರಿಗೆ 'ನಾನು ಹೋಗುವುದಿಲ್ಲ ಸಾರ್' ಎಂದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಅಷ್ಟು ಸಣ್ಣ ಕಾರಣಕ್ಕೆ ನನ್ನ ಗ್ರಾಚ್ಯುಟಿಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕಂಪನಿಯ ಆಸ್ತಿ ಹಾಳುಮಾಡಿರಬೇಕು, ಹೊಡೆದಾಡಿರಬೇಕು, ಕಳ್ಳತನದಂಥದ್ದು ಮಾಡಿರಬೇಕು, ಆಗ ಮಾತ್ರ ತಡೆಹಿಡಿಯಬಹುದು. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದೆ. ಹೊಸಿಲು ದಾಟಿ ಎಷ್ಟೋ ವರ್ಷಗಳಾದವನು, ಹೊಸಿಲ ಹೊರಗೆ ನಿಂತವಳಿಗಿಂತ ಹೆಚ್ಚು ಹೆದರಿದೆ. ನನ್ನ ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ಆಸೆ ಈಗ ಇಲ್ಲ.

ಭಾನುವಾರ ಬೆಳಿಗ್ಗೆ ಕೃಷ್ಣಮೂರ್ತಿಪುರಂನ ನನ್ನ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೊರಟೆ. ಬರಿಗೈಯಲ್ಲಿ ಹೋಗಬಾರದು ಅಂತ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡೆ. ರಾಜೀನಾಮೆ ಪತ್ರವನ್ನು, ಅವಳು ಕೊನೆಯ ಸಲ ಕೆಲಸಕ್ಕೆ ಬಂದ ದಿನದ ತಾರೀಖು ಹಾಕಿ, ಮನೆಯಲ್ಲೇ ಬರೆದಿಟ್ಟುಕೊಂಡಿದ್ದೆ.

ಇಲವಾಲದ ಮುಖ್ಯರಸ್ತೆಯಿಂದ ಒಳಗೆ ಎರಡು ತಿರುವು. ಅಡುಗೆಮನೆಯ ಆ ಗೋಡೆ, ಹಿಂದಿನ ಸಲ ಪಿ.ಎಫ್. ದುಡ್ಡಿನಲ್ಲಿ ಕಟ್ಟಿಸಿದ್ದು, ಸಿಮೆಂಟಿನದು, ಮಿಕ್ಕ ಮನೆಗಿಂತ ಹೊಸದಾಗಿ ಎದ್ದು ಕಾಣುತ್ತಿತ್ತು. ಗಂಡ ನಡುಮನೆಯಲ್ಲಿ ಮಲಗಿದ್ದ. ಆಸ್ಪತ್ರೆಯಿಂದ ಕಳಿಸಿ ಮೂರು ದಿನವಾಗಿತ್ತಂತೆ. ಅವಳು ನನಗೆ ಹೊರಗೆ ಆ ಗೋಡೆಯ ಪಕ್ಕ ಕುರ್ಚಿ ಹಾಕಿ, ಕಾಫಿ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. ನಾನು ಮ್ಯಾನೇಜರ ಮಾತನ್ನು ಒಪ್ಪಿಸಿದೆ. ಪತ್ರವನ್ನು ತೆಗೆದೆ.

ಅವಳು ಪೂರ್ತಿ ಓದಿದಳು. 'ಸ್ವಂತ ಇಚ್ಛೆಯಿಂದ' ಅನ್ನುವ ಕಡೆ ಬೆರಳಿಟ್ಟು ನಿಂತಳು.

"ಇನ್ನೊಂಬತ್ತೇ ತಿಂಗ್ಳು ಸಾರ್ ಇದ್ದದ್ದು."

"ಹೂಂ."

"ನಾಲ್ಕೇಳು, ನಾಲ್ಕ್ಮೂರು. ಎರಡೂ ಸೇರಿದ್ರೆ ಎಂಟು ವರ್ಸ ಹತ್ತು ತಿಂಗ್ಳು. ಸೇರ್ಸಕ್ಕಾಗಲ್ಲ ಅಲ್ವಾ?"

"ಮಧ್ಯೆ ರಾಜೀನಾಮೆ ಕೊಟ್ಟು ದುಡ್ಡು ತಗೊಂಡಿದ್ದೀಯಲ್ಲಮ್ಮ. ಸೇರಲ್ಲ."

"ಸೈನ್ ಆಕ್ದೇ ಇದ್ರೆ ಏನಾಯ್ತದೆ ಸಾರ್? ನೀವು ಹೇಳಿ. ನೀವು ಹೇಳ್ದಂಗೆ ಮಾಡ್ತೀನಿ."

ಒಳಗಿನಿಂದ ಗಂಡ ಏನೋ ಬೇಕೆಂದು ಕೂಗಿದ. ಅವಳು ಬಂದೆ ಎಂದು ಅತ್ತ ತಿರುಗಿ, ಮತ್ತೆ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟದೊಳಗೆ ನೋಡುತ್ತಿದ್ದೆ.

"ಹೆಸರು ಹೊಡೀತಾರೆ," ಅಂದೆ. "ಆಮೇಲೆ ಎಲ್ಲೂ ತಗೊಳಲ್ಲ."

ಅವಳು ನನ್ನ ಜೇಬಿನಲ್ಲಿದ್ದ ಪೆನ್ನನ್ನೇ ಕೇಳಿ ತೆಗೆದುಕೊಂಡು ಸಹಿ ಹಾಕಿದಳು. ಅಲ್ಲಿ ಹಾಕುವುದಕ್ಕೆ ಮೇಜಿರಲಿಲ್ಲ, ಆ ಹೊಸ ಗೋಡೆಗೆ ಒತ್ತಿ ಹಾಕಿದಳು. ಒರಟು ಗೋಡೆಯ ಮೇಲೆ ಪೆನ್ನು ಎರಡು ಕಡೆ ಹಾಳೆಯನ್ನು ತೂತು ಮಾಡಿತು. ಬರುವಾಗ ಬಾಳೆಹಣ್ಣಿನಲ್ಲಿ ಅರ್ಧ ಚಿಪ್ಪನ್ನು ನನ್ನ ಚೀಲಕ್ಕೇ ಹಾಕಿ, "ಮನೇಲಿ ಅಮ್ಮಾವ್ರಿಗೆ" ಅಂದಳು.

ಮೂರು ತಿಂಗಳಿಗೆ ಸರಿಯಾಗಿ ಗೇಟಿಗೆ ಬಂದಳು. ಅಷ್ಟರಲ್ಲಿ 'ನಾನೇ ತಗೋತೀನಿ' ಅಂದಿದ್ದ ಮ್ಯಾನೇಜರು ಬೇರೆ ಘಟಕಕ್ಕೆ ವರ್ಗವಾಗಿ ಹೋಗಿದ್ದರು. ಹೊಸಬರು ಹೆಡ್ ಆಫೀಸಿನ ಸುತ್ತೋಲೆ ತೋರಿಸಿದರು, ನಲವತ್ತು ದಾಟಿದವರನ್ನು ಹೊಸದಾಗಿ ಟೈಲರ್ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ಅವಳಿಗೆ ನಲವತ್ತನಾಲ್ಕು. ರಾಜೀನಾಮೆ ಕೊಡದೆ ಇದ್ದಿದ್ದರೆ ಐವತ್ತೆಂಟರವರೆಗೆ ಯಾರೂ ವಯಸ್ಸು ಕೇಳುತ್ತಿರಲಿಲ್ಲ. "ಹಳೆಯ ಕೆಲಸಗಾರ್ತಿ ಸಾರ್, ಕಾಲರ್ ಕೈ ಬಹಳ ಚೆನ್ನಾಗಿದೆ" ಎಂದೆ. "ಹಳೆಯವರು ಅನ್ನೋದೇ ತೊಂದರೆ ಕಣ್ರೀ" ಅಂದರು.

ಆಗ ನನಗೆ ಎಲ್ಲಿಂದಲೋ ಧೈರ್ಯ ಬಂತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಗೇಟಿನ ಹೊರಗೆ ಅವಳನ್ನು ನಿಲ್ಲಿಸಿ, ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗು, ಗ್ರಾಚ್ಯುಟಿ ನೋಡುವ ಅಧಿಕಾರಿ ಅಲ್ಲಿರುತ್ತಾರೆ, ಅರ್ಜಿ ಕೊಡು ಅಂದೆ. ಹೋಗಿ ಬಂದಳು. ಒಂದು ದಿನದ ಕೂಲಿ ಬಿಟ್ಟು ಹೋಗಿದ್ದಳು, ಆಗ ಯಾರದೋ ತೋಟದಲ್ಲಿ ಕಳೆ ಕೀಳುತ್ತಿದ್ದಳು. ಅಲ್ಲಿಯ ಅಧಿಕಾರಿ ಒಳ್ಳೆಯವರಂತೆ, ಕೂರಿಸಿ ಎಲ್ಲಾ ಕೇಳಿದರಂತೆ.

"ನಾಲ್ಕು ವರ್ಸ ಆಗಿ, ಐದನೇ ವರ್ಸದಲ್ಲಿ ಇನ್ನೂರ ನಲ್ವತ್ತು ದಿನ ಮಾಡಿದ್ರೆ ಸಾಕು ಅಂತ ಬೇರೆ ರಾಜ್ಯದ ಕೋರ್ಟು ಒಂದು ಹೇಳೈತಂತೆ ಸಾರ್. ಎಲ್ಲಾ ಕಡೆ ಒಪ್ಪಲ್ವಂತೆ, ಆದ್ರೂ ನೋಡುವ ಅಂದ್ರು. ಲೆಕ್ಕ ಹಾಕುದ್ರು. ಏಳು ತಿಂಗ್ಳು ಅಂದ್ರೆ ಭಾನ್ವಾರನೂ ಸೇರ್ಸಿ ಇನ್ನೂರ ಹದ್ನಾಲ್ಕೋ ಏನೋ ಅಷ್ಟೇಯ. ಎರಡ್ನೇ ಸಲದ್ದು ಬರೀ ಮೂರು ತಿಂಗ್ಳು. ಎರಡೂ ಕಡೆ ಕಮ್ಮಿ ಬಿತ್ತು. ಆಮೇಲೆ ನನ್ತಾವಿದ್ದ ಎರಡ್ ರಾಜೀನಾಮೆ ಜೆರಾಕ್ಸೂ ನೋಡುದ್ರು. ಎರಡ್ರಲ್ಲೂ ನೀನೇ ಇಷ್ಟಪಟ್ಟು ಬಿಟ್ಟಿದ್ದೀಯಲ್ಲಮ್ಮ ಅಂದ್ರು."

"ನೀನು ಏನಂದೆ?"

"ಏನನ್ನಲಿ? ಸೈನು ನಂದೇ ಅಲ್ವಾ. ಅಕ್ಸರ ಭಾಳ ಚೆನ್ನಾಗೈತೆ, ಯಾರು ಬರ್ದದ್ದು ಅಂತ ಕೇಳುದ್ರು. ಯಾರೋ ಬರ್ಕೊಟ್ರು ಸಾರ್ ಅಂದೆ."

ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಅವಳು ಅದೇ ಗೇಟಿನೊಳಗೆ ಬಂದದ್ದು ಕಂಟ್ರಾಕ್ಟರ್ ಕಡೆಯಿಂದ, ಹೌಸ್ ಕೀಪಿಂಗಿಗೆ. ಕಸ ಗುಡಿಸುವುದು, ನೆಲ ಒರೆಸುವುದು, ಗಾಜು ಒರೆಸುವುದು. ಕಂಟ್ರಾಕ್ಟರ್ ಎರಡು ವರ್ಷಕ್ಕೊಬ್ಬ ಬದಲಾಗುತ್ತಾನೆ. ಹೆಂಗಸರು ಅವರೇ ಇರುತ್ತಾರೆ, ಸಮವಸ್ತ್ರದ ಬಣ್ಣ ಬದಲಾಗುತ್ತದೆ, ಸೇರಿದ ತಾರೀಖು ಮತ್ತೆ ಒಂದರಿಂದ. ಕಂಟ್ರಾಕ್ಟಿನವರಿಗೂ ಗ್ರಾಚ್ಯುಟಿ ಉಂಟು, ಇಲ್ಲವೆಂದಲ್ಲ. ಒಬ್ಬನ ಕೈಕೆಳಗೆ ಐದು ವರ್ಷ ತುಂಬಬೇಕು, ಅಷ್ಟೇ. ಈಚೆಗೆ ಹೊಸ ಕಾನೂನು ಬಂದು, ಇಂತಿಷ್ಟು ಅವಧಿಗೆ ಅಂತ ಬರವಣಿಗೆಯಲ್ಲಿ ನೇಮಕವಾದವರಿಗೆ ಒಂದು ವರ್ಷಕ್ಕೇ ಲೆಕ್ಕ ಕೊಡಬೇಕಂತೆ. ಒಳ್ಳೆಯದೇ. ಮಿಕ್ಕವರಿಗೆ ಅದೇ ಐದು. ಬರವಣಿಗೆಯಲ್ಲಿ ಏನೂ ಇಲ್ಲದ ಅವಳಿಗೆ ಯಾವುದು ಅಂತ ಹೇಳಲಿಕ್ಕೆ ಈಗ ನಾನು ಆ ಕಿಟಕಿಯಲ್ಲಿಲ್ಲ.

ಕಾಲರ್ ಕೂಡಿಸುವ ಅವಳ ಮೆಷಿನ್ನಿಗೆ ಹುಣಸೂರು ಕಡೆಯ ಒಬ್ಬಳು ಹುಡುಗಿ ಬಂದಿದ್ದಳು. ಇವಳು ಆ ಸಾಲಿನ ಕೆಳಗೆ ಬಿದ್ದ ನೂಲು, ಬಟ್ಟೆಯ ಚೂರು ಗುಡಿಸುವಾಗ ಒಂದೊಂದು ಸಲ ಪೊರಕೆ ನಿಲ್ಲಿಸಿ ಆ ಹುಡುಗಿಯ ಕೈ ನೋಡುತ್ತಿದ್ದಳು. ಒಂದು ದಿನ ಬಾಗಿ ಏನೋ ತೋರಿಸಿಯೂ ಕೊಟ್ಟಳು. ಸೂಪರ್‌ವೈಸರ್ ಗದರಿದ, ಆಮೇಲೆ ನಿಲ್ಲುವುದನ್ನೂ ಬಿಟ್ಟಳು. ನಾನು ದೂರದಿಂದ ನೋಡಿ ನನ್ನ ಕೋಣೆಗೆ ಹೋಗಿ ಕೂತೆ. ದುಃಖವಾಯಿತು ಅಂದರೆ ಸಾಲದು. ನಾಚಿಕೆಯಾಯಿತು.

ನಾನು ನಿವೃತ್ತನಾದ ದಿನ ಕ್ಯಾಂಟೀನಿನಲ್ಲಿ ಒಂದು ಸಣ್ಣ ಸಮಾರಂಭ. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಹೊಸ ಮ್ಯಾನೇಜರು ನನ್ನ ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಗ್ರಾಚ್ಯುಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕು ಅಂತ ಕಾಯಿದೆ, ನನಗೆ ಅವತ್ತೇ ಚೆಕ್ಕು ಕೊಟ್ಟರು, ಎಲ್ಲರೆದುರಿಗೆ. ಚಪ್ಪಾಳೆ ಬಿತ್ತು. ಖಾರಾಭಾತು, ಮೈಸೂರು ಪಾಕು ತಿಂದು ಜನ ಲೈನಿಗೆ ಹೋದ ಮೇಲೆ ನಾನೊಬ್ಬನೇ ಪೇಟ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದೆ.

ಅವಳು ನೋಟೀಸ್ ಬೋರ್ಡಿನ ಗಾಜು ಒರೆಸುತ್ತಿದ್ದಳು. ಒಳಗೆ ಅದೇ ಹಾಳೆ, ಬಿಸಿಲಿಗೆ ಹಳದಿಯಾಗಿತ್ತು. 'ಉಪದಾನ' ಅನ್ನುವ ಅಕ್ಷರದ ಮೇಲೆ ಅವಳ ಬಟ್ಟೆ ಹೋಗಿ ಬರುತ್ತಿತ್ತು. ನನ್ನನ್ನು ಕಂಡು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈ ಮುಗಿದಳು.

"ಎಷ್ಟು ವರ್ಸ ಆಯ್ತು ಸಾರ್ ಒಟ್ಟು?"

"ಇಪ್ಪತ್ತೈದು ವರ್ಷ ಏಳು ತಿಂಗಳು."

ಹೇಳಿದ ಮೇಲೆ ನನಗೆ ಕೇಳಿಸಿತು. ಏಳು ತಿಂಗಳು. ಅವಳಿಗೂ ಕೇಳಿಸಿರಬೇಕು.

"ನಿಮ್ದು ಇಪ್ಪತ್ತಾರು ಅಂತ ಹಿಡಿದ್ರಾ?"

"ಹಿಡಿದ್ರು."

"ಹಿಡೀಲೇಬೇಕು. ನೀವು ಹೊಸ್ಲು ದಾಟಿದ್ದೀರಲ್ಲ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದೆಯೋ ಎಂದು ನಾನು ಹುಡುಕಿದೆ, ಇರಲಿ ಎಂದು ಬಯಸಿದೆ. ಕತ್ತಿನಲ್ಲಿ ಐಡಿ ಕಾರ್ಡು ನೇತಾಡುತ್ತಿತ್ತು, ಕಂಟ್ರಾಕ್ಟರನದು, ಬೇರೆ ಬಣ್ಣದ್ದು. ಅದರೊಳಗೆ ಫೋಟೋದ ಹಿಂದೆ ಮಡಿಸಿದ ಚೀಟಿಯ ಅಂಚು ಕಾಣುತ್ತಿತ್ತು. ಕಾರ್ಡಿನಿಂದ ಕಾರ್ಡಿಗೆ ಸೇರಿಸಿಕೊಂಡು ಬಂದಿದ್ದಾಳೆ. ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳುವ ಮುಖ ನನಗಿರಲಿಲ್ಲ.

"ಕೊನೇ ತಿಂಗ್ಳು ಬೇಸಿಕ್ಕು ಡಿ.ಎ. ಎಷ್ಟು ಸಾರ್ ನಿಮ್ದು?"

"ಹದಿನೆಂಟು ಸಾವಿರದ ಇನ್ನೂರು."

ಅವಳು ಕಣ್ಣು ಮುಚ್ಚಿ ತುಟಿ ಆಡಿಸಿದಳು. ನಾನು ಚೆಕ್ಕಿನ ಲಕೋಟೆ ಹಿಡಿದು ಪರೀಕ್ಷೆಗೆ ಕೂತವನ ಹಾಗೆ ನಿಂತಿದ್ದೆ.

"ಇಪ್ಪತ್ತಾರ್ರಲ್ಲಿ ಭಾಗಿಸಿ ಇಪ್ಪತ್ತಾರ್ರಲ್ಲೇ ಗುಣಿಸ್ಬೇಕು. ಎರಡೂ ಹೊಡ್ಕೊಂಡು ಹೋಯ್ತದೆ. ಅಲ್ಲಿಗೆ ಹದಿನೈದು ತಿಂಗ್ಳು ಸಂಬ್ಳ. ಎರಡು ಲಕ್ಸದ ಎಪ್ಪತ್ಮೂರು ಸಾವ್ರ." ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಲಕೋಟೆ ನೋಡಿದಳು. "ಅಷ್ಟೇ ಬರ್ದವ್ರಾ ಸಾರ್? ಸರ್ಯಾಗಿ ನೋಡ್ಕಳಿ. ಇವ್ರನ್ನ ನಂಬಂಗಿಲ್ಲ, ಒಂದ್ ವರ್ಸ ಕಮ್ಮಿ ಇಡ್ದುಬುಟ್ಟಾರು. ಸೈನ್ ಆಕಕ್ಕೆ ಮುಂಚೆ ನೋಡ್ಕೊಂಡ್ರಿ ತಾನೇ?"